ಆರು ವರ್ಷದ ಮೇಲೆ ಮೇಷ್ಟ್ರಿಗೆ ಬರೆಯುವ ಪತ್ರ

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಎಂಎಸ್ ಅಥವಾ ಪಿಎಚ್‌ಡಿ ಮಾಡಲು ಹೊರಟವರು ಸಾಮಾನ್ಯವಾಗಿ ಮೂರು ಶಿಫಾರಸು ಪತ್ರ ಕೊಡಿಸಬೇಕಾಗುತ್ತದೆ. ಪತ್ರ ವಿದ್ಯಾರ್ಥಿಯ ಕೈಗೆ ಬರುವುದಿಲ್ಲ. ಅರ್ಜಿಯಲ್ಲಿ ಮೇಷ್ಟ್ರ ಇಮೇಲ್ ವಿಳಾಸ ತುಂಬಿದರೆ ವಿಶ್ವವಿದ್ಯಾಲಯದಿಂದಲೇ ಅವರಿಗೊಂದು ಲಿಂಕ್ ಹೋಗುತ್ತದೆ. ಅದನ್ನು ತೆರೆದರೆ, ಈ ಹುಡುಗ ನಿಮಗೆ ಎಷ್ಟು ವರ್ಷದಿಂದ ಗೊತ್ತು, ನೀವು ಪಾಠ ಹೇಳಿದವರಲ್ಲಿ ಮೊದಲ ನೂರಕ್ಕೆ ಐದರೊಳಗೆ ಬರುತ್ತಾನೋ ಹತ್ತರೊಳಗೋ ಎಂಬಂಥ ಪ್ರಶ್ನೆಗಳಿರುತ್ತವೆ. ಆಮೇಲೆ ಪತ್ರ ಸೇರಿಸಬೇಕು.

ಓದು ಮುಗಿಸಿ ಐದಾರು ವರ್ಷ ಕೆಲಸ ಮಾಡಿದವರಿಗೆ ಕಷ್ಟ ಶುರುವಾಗುವುದು ಇಲ್ಲೇ. ಅಷ್ಟು ವರ್ಷಗಳಲ್ಲಿ ಮೇಷ್ಟ್ರ ಮುಂದೆ ನೂರಾರು ಮಕ್ಕಳು ಬಂದು ಹೋಗಿರುತ್ತಾರೆ. ಮುಖ ನೆನಪಿದ್ದರೂ ಕೆಲಸ ನೆನಪಿರುವುದಿಲ್ಲ. ನೆನಪಿಲ್ಲದವರು ಬರೆಯುವುದು ‘ಶ್ರಮಜೀವಿ, ಶಿಸ್ತಿನವನು’ ಎಂದಷ್ಟೇ. ಅದು ಯಾರಿಗೆ ಬೇಕಾದರೂ ಹೊಂದುವ ಮಾತಾದ್ದರಿಂದ ಅರ್ಜಿ ಓದುವವರಿಗೆ ಏನನ್ನೂ ಹೇಳುವುದಿಲ್ಲ. ಹಾಗಾಗಿ ಕೇಳುವವರ ಮೊದಲ ಕೆಲಸ ಆ ನೆನಪನ್ನು ಮೇಷ್ಟ್ರಿಗೆ ಒದಗಿಸಿಕೊಡುವುದು.

2019ರಲ್ಲಿ ಸಿವಿಲ್ ಇಂಜಿನಿಯರಿಂಗ್ ಮುಗಿಸಿದ ಒಬ್ಬ ಹುಡುಗಿ 2025ರಲ್ಲಿ ಅರ್ಜಿ ಹಾಕುತ್ತಿದ್ದಾಳೆ ಎಂದುಕೊಳ್ಳಿ. ಅವಳ ಇಮೇಲ್ ಹೀಗಿದ್ದರೆ ಚೆನ್ನ: “ಸರ್, ನಮಸ್ಕಾರ. 2019ರ ಬ್ಯಾಚಿನಲ್ಲಿ ಎಂ-ಸ್ಯಾಂಡ್ ಕಾಂಕ್ರೀಟ್ ಪ್ರಾಜೆಕ್ಟ್ ಮಾಡಿದ ತಂಡದವಳು ನಾನು. ಮೊದಲ ಸಲ ಎರಕ ಹೊಯ್ದ ಕ್ಯೂಬ್‌ಗಳು 28ನೇ ದಿನದ ಪರೀಕ್ಷೆಯಲ್ಲಿ ನಿರೀಕ್ಷಿಸಿದ ಬಲ ಕೊಡಲಿಲ್ಲ. ಮರಳಿನಲ್ಲಿದ್ದ ತೇವವನ್ನು ನೀರಿನ ಲೆಕ್ಕದಿಂದ ಕಳೆದಿರಲಿಲ್ಲ ಎಂಬುದು ನೀವು ಪ್ರಶ್ನೆ ಕೇಳುತ್ತಾ ಹೋದಾಗ ನಮಗೆ ಹೊಳೆಯಿತು. ಎರಡನೇ ಸಲದ ಎರಕದ ಲೆಕ್ಕವೆಲ್ಲ ನನ್ನದು. ಈಗ ಎಂಎಸ್‌ಗೆ ಅರ್ಜಿ ಹಾಕುತ್ತಿದ್ದೇನೆ. ನನ್ನ ಕೆಲಸದ ಬಗ್ಗೆ ವಿವರವಾಗಿ ಬರೆಯುವಷ್ಟು ನಿಮಗೆ ನೆನಪಿದೆಯೇ? ಇಲ್ಲವೆಂದರೂ ಸಂಕೋಚವಿಲ್ಲದೆ ತಿಳಿಸಿ.”

ಕೊನೆಯ ಎರಡು ವಾಕ್ಯಗಳನ್ನು ಬಿಡಬಾರದು. ಮೇಷ್ಟ್ರು ಹಿಂದೇಟು ಹಾಕಿದರೆ ಅದನ್ನೇ ಉತ್ತರವೆಂದು ತಿಳಿದು ಬೇರೆಯವರನ್ನು ಕೇಳುವುದು ಮೇಲು. ಒಪ್ಪಿದರೆ ಅಂಕಪಟ್ಟಿ, ಪ್ರಾಜೆಕ್ಟ್ ವರದಿ, ಈಗಿನ ಕೆಲಸದ ವಿವರ, ವಿಶ್ವವಿದ್ಯಾಲಯಗಳ ಹೆಸರು ಮತ್ತು ಕೊನೆಯ ದಿನಾಂಕಗಳು, ಎಲ್ಲವನ್ನೂ ಒಂದೇ ಇಮೇಲ್‌ನಲ್ಲಿ ಕಳಿಸಬೇಕು. ಅನೇಕ ಕಡೆ ಗಡುವು ಡಿಸೆಂಬರಿನಲ್ಲಿರುತ್ತದೆ. ಅಕ್ಟೋಬರ್ ಆರಂಭದಲ್ಲೇ ಕೇಳಿದರೆ ಅವರಿಗೆ ಬಿಡುವು ಸಿಗುತ್ತದೆ. ಐದು ಕಡೆ ಅರ್ಜಿ ಹಾಕಿದರೆ ಐದು ಲಿಂಕ್ ಬರುತ್ತವೆ, ಕೆಲವು ಸ್ಪ್ಯಾಮ್‌ಗೆ ಬೀಳುತ್ತವೆ. ಪತ್ರ ತಲುಪಿದೆಯೋ ಇಲ್ಲವೋ ಎಂಬುದು ಸಾಮಾನ್ಯವಾಗಿ ಅರ್ಜಿಯ ಪುಟದಲ್ಲೇ ಕಾಣುತ್ತದೆ. ಗಡುವಿಗೆ ವಾರ ಮುಂಚೆ ಅದನ್ನು ನೋಡಿ, ಬಾಕಿಯಿದ್ದರೆ ಮಾತ್ರ ಫೋನ್ ಮಾಡಿದರಾಯಿತು.

“ನೀನೇ ಬರ್ಕೊಂಡು ಬಾಮ್ಮ, ಸೈನ್ ಹಾಕ್ಕೊಡ್ತೀನಿ” ಎನ್ನುವ ಮೇಷ್ಟ್ರು ನಮ್ಮಲ್ಲಿ ಬಹಳ ಜನ. ಪ್ರೀತಿಯಿಂದಲೇ ಹೇಳುತ್ತಾರೆ, ಆದರೆ ನಷ್ಟ ಹುಡುಗಿಗೇ. ಮೂರೂ ಪತ್ರಗಳಲ್ಲಿ ಒಂದೇ ಧಾಟಿ ಕಂಡರೆ ಓದುವವರಿಗೆ ಅನುಮಾನ ಬರುತ್ತದೆ. ಅದಕ್ಕಿಂತ ಹೆಚ್ಚಾಗಿ, ಲ್ಯಾಬಿನಲ್ಲಿ ಮೇಷ್ಟ್ರು ಕಣ್ಣಾರೆ ಕಂಡದ್ದು ಕಾಗದಕ್ಕೆ ಇಳಿಯುವುದೇ ಇಲ್ಲ. ಆಗ ಕರಡು ಕೊಡುವ ಬದಲು, ನಡೆದದ್ದನ್ನು ಒಂದು ಪುಟದಲ್ಲಿ ಬರೆದುಕೊಟ್ಟು “ಇದನ್ನು ನೋಡಿಕೊಂಡು ನಿಮ್ಮ ಮಾತಿನಲ್ಲೇ ನಾಲ್ಕು ಸಾಲು ಬರೆಯಿರಿ ಸರ್” ಎಂದು ಕೇಳಬಹುದು. ಮೇಷ್ಟ್ರ ಹೆಸರಿನಲ್ಲಿ ತಾವೇ ಇಮೇಲ್ ಖಾತೆ ತೆರೆದು ಪತ್ರ ಹಾಕುವುದಂತೂ ಶುದ್ಧ ವಂಚನೆ. ಸಿಕ್ಕಿಬಿದ್ದರೆ ಸಿಕ್ಕ ಸೀಟೂ ಹೋಗಬಹುದು. ಮೇಷ್ಟ್ರು ನಿವೃತ್ತರಾಗಿ ಕಾಲೇಜಿನ ವಿಳಾಸ ನಿಂತಿದ್ದರೆ, ಸ್ವಂತ ವಿಳಾಸ ನಡೆಯುತ್ತದೆಯೇ ಎಂದು ಪ್ರವೇಶ ವಿಭಾಗಕ್ಕೇ ಬರೆದು ಕೇಳಿಕೊಳ್ಳಬೇಕು.

ಪರಿಚಯ ಮಾಡಿಸಿ ಎಂದು ಕೇಳುವುದಕ್ಕೆ ಬೇರೆಯೇ ಜಾಗ್ರತೆ ಬೇಕು. ಮೇಷ್ಟ್ರ ಹಳೆಯ ಶಿಷ್ಯರೊಬ್ಬರು ಆ ವಿಶ್ವವಿದ್ಯಾಲಯದಲ್ಲಿದ್ದರೆ ನೇರವಾಗಿ ನಂಬರ್ ಬೇಡಬಾರದು. “ಅವರ ಜೊತೆ ಹದಿನೈದು ನಿಮಿಷ ಮಾತಾಡಬಹುದೇ ಅಂತ ಒಂದು ಮಾತು ಕೇಳಿ ಸರ್” ಎಂದು ಹೇಳಿ, ತಾನು ಯಾರು, ತಿಳಿಯಬೇಕಾದ್ದೇನು ಎಂಬುದನ್ನು ಐದು ಸಾಲಿನಲ್ಲಿ ಬರೆದುಕೊಟ್ಟರೆ ಮೇಷ್ಟ್ರು ಅದನ್ನೇ ಮುಂದಕ್ಕೆ ಕಳಿಸಬಹುದು.

ಫಲಿತಾಂಶ ಬಂದ ಮೇಲೆ ಎಷ್ಟೋ ಜನ ಸುಮ್ಮನಾಗಿಬಿಡುತ್ತಾರೆ. ಇದು ನನಗೆ ನೋವು ಕೊಡುವ ಸಂಗತಿ. ಸಿಕ್ಕಿತೋ ಇಲ್ಲವೋ ತಿಳಿಯುವ ಹಕ್ಕು ಪತ್ರ ಬರೆದವರಿಗಿದೆ. ಐದರಲ್ಲಿ ನಾಲ್ಕು ಕಡೆ ಆಗಲಿಲ್ಲ ಎಂಬುದನ್ನೂ ಹೇಳಬೇಕು. ಆಮೇಲೆ ವರ್ಷಕ್ಕೊಂದು ಸಲ, ಏನೂ ಕೇಳದೆ, ಕೆಲವೇ ಸಾಲು ಸಾಕು. ಹಬ್ಬದ ಫಾರ್ವರ್ಡ್ ಮೆಸೇಜು ಈ ಲೆಕ್ಕಕ್ಕೆ ಬರುವುದಿಲ್ಲ. ಈಗ ಯಾವ ಲ್ಯಾಬಿನಲ್ಲಿದ್ದೇನೆ, ಅಂದು ಕಲಿತ ತೇವಾಂಶದ ಲೆಕ್ಕ ಇಲ್ಲಿ ಎಲ್ಲಿ ಕೆಲಸಕ್ಕೆ ಬಂತು ಎಂದು ಬರೆದರೆ ಮೇಷ್ಟ್ರು ಈಗಿನ ಮಕ್ಕಳಿಗೆ ಅದನ್ನೇ ಹೇಳುತ್ತಾರೆ. ಮುಂದೆ ಫೆಲೋಶಿಪ್‌ಗೋ ಕೆಲಸಕ್ಕೋ ಇನ್ನೊಂದು ಪತ್ರ ಬೇಕಾದಾಗ ಅವರಿಗೆ ಬರೆಯಲು ಹೊಸ ವಿಷಯವೂ ಇರುತ್ತದೆ. ಪ್ರವೇಶ ಪತ್ರದ ಒಂದು ಪ್ರತಿಯನ್ನೂ ಕಳಿಸಿದರೆ ಒಳ್ಳೆಯದು. ನ್ಯಾಕ್ ಪರಿಶೀಲನೆಗೆ ಹಳೆಯ ವಿದ್ಯಾರ್ಥಿಗಳಲ್ಲಿ ಉನ್ನತ ವ್ಯಾಸಂಗಕ್ಕೆ ಹೋದವರೆಷ್ಟು ಎಂಬುದನ್ನು ಕಾಲೇಜುಗಳು ದಾಖಲೆಯೊಂದಿಗೆ ತೋರಿಸಬೇಕು, ಅದನ್ನು ಒಟ್ಟುಮಾಡುವ ಕೆಲಸ ಅನೇಕ ಸಲ ಬೀಳುವುದು ಇದೇ ಮೇಷ್ಟ್ರ ಹೆಗಲಿಗೆ.