ಗ್ರಾಂ ಸ್ಟೇನ್ ಚಿತ್ರದ ವಿಶ್ಲೇಷಣೆ

ಗ್ರಾಂ ಸ್ಟೇನ್ ಎಂಬುದು ಬ್ಯಾಕ್ಟೀರಿಯಾಗಳನ್ನು ಅವುಗಳ ಕೋಶಭಿತ್ತಿಯ ರಚನೆಗೆ ಅನುಗುಣವಾಗಿ ಎರಡು ಬಣ್ಣಗಳಲ್ಲಿ ತೋರಿಸುವ ವಿಧಾನ. ಡೆನ್ಮಾರ್ಕಿನ ವೈದ್ಯ ಹಾನ್ಸ್ ಕ್ರಿಶ್ಚಿಯನ್ ಗ್ರಾಂ ಇದನ್ನು 1884ರಲ್ಲಿ ಪ್ರಕಟಿಸಿದರು. ಈ ವಿಧಾನದಲ್ಲಿ ಗ್ರಾಂ-ಧನಾತ್ಮಕ ಜೀವಿಗಳು ನೇರಳೆಯಾಗಿಯೂ ಗ್ರಾಂ-ಋಣಾತ್ಮಕ ಜೀವಿಗಳು ಗುಲಾಬಿಯಾಗಿಯೂ ಕಾಣುತ್ತವೆ. ಬಣ್ಣದ ಜೊತೆಗೆ ಆಕಾರ ಮತ್ತು ಜೋಡಣೆಯನ್ನೂ ಗಮನಿಸಲಾಗುತ್ತದೆ.

ಆಕಾರ ಮತ್ತು ಜೋಡಣೆ

ಗೋಲಾಕಾರದ ಬ್ಯಾಕ್ಟೀರಿಯಾಗಳನ್ನು ಕಾಕೈ ಎಂದೂ ದಂಡಾಕಾರದವುಗಳನ್ನು ಬ್ಯಾಸಿಲೈ ಎಂದೂ ಕರೆಯುತ್ತಾರೆ. ಸ್ಟ್ಯಾಫಿಲೊಕಾಕಸ್ ಹಲವು ದಿಕ್ಕುಗಳಲ್ಲಿ ವಿಭಜನೆಯಾಗುವುದರಿಂದ ದ್ರಾಕ್ಷಿಗೊಂಚಲಿನಂತೆ ಕಾಣುತ್ತದೆ. ಸ್ಟ್ರೆಪ್ಟೊಕಾಕಸ್ ಒಂದೇ ದಿಕ್ಕಿನಲ್ಲಿ ವಿಭಜನೆಯಾಗುವುದರಿಂದ ಸರಪಳಿಯಾಗುತ್ತದೆ. ಆದರೆ ಲೇಪ ದಪ್ಪವಾಗಿದ್ದರೆ ಸರಪಳಿಗಳು ಒಂದರ ಮೇಲೊಂದು ಬಿದ್ದು ಗೊಂಚಲಿನಂತೆ ತೋರಬಹುದು. ಆದ್ದರಿಂದ ಲೇಪದ ತೆಳುವಾದ ಭಾಗವನ್ನು 100 ಪಟ್ಟು ವರ್ಧನೆಯ ಎಣ್ಣೆ ಮಸೂರದಲ್ಲಿ ನೋಡಬೇಕು. ಕೀವುಕೋಶಗಳ ಕೇಂದ್ರವು ಗುಲಾಬಿಯಾಗಿದ್ದರೆ ಬಣ್ಣ ತೆಗೆಯುವ ಹಂತ ಸಾಕಷ್ಟಾಗಿದೆ ಎಂದರ್ಥ. ಅದು ನೇರಳೆಯಾಗಿಯೇ ಉಳಿದಿದ್ದರೆ ಆ ಭಾಗದಲ್ಲಿ ಬ್ಯಾಕ್ಟೀರಿಯಾದ ಬಣ್ಣವನ್ನು ನಂಬಲಾಗದು.

ಮೆಲಿಯಾಯ್ಡೋಸಿಸ್: ಒಂದು ಉದಾಹರಣೆ

ಆಕಾರದ ನಿರ್ಣಯ ತಪ್ಪಬಹುದಾದ ಸಂದರ್ಭಕ್ಕೆ ಮೆಲಿಯಾಯ್ಡೋಸಿಸ್ ಉತ್ತಮ ನಿದರ್ಶನ. ಮಣ್ಣು ಮತ್ತು ನೀರಿನಲ್ಲಿರುವ ಬರ್ಖೋಲ್ಡೇರಿಯಾ ಸ್ಯೂಡೋಮಲ್ಲೈ ಎಂಬ ಬ್ಯಾಕ್ಟೀರಿಯಾದಿಂದ ಬರುವ ಈ ರೋಗ ಉಡುಪಿ ಜಿಲ್ಲೆಯ ಕರಾವಳಿ ಪ್ರದೇಶದಲ್ಲಿ ಮಳೆಗಾಲದಲ್ಲಿ ಹೆಚ್ಚಾಗಿ ಕಂಡುಬರುತ್ತದೆ. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಿಂದ ಇದರ ಬಗ್ಗೆ ಅನೇಕ ವರದಿಗಳು ಪ್ರಕಟವಾಗಿವೆ. ಮಧುಮೇಹವು ಇದರ ಪ್ರಮುಖ ಅಪಾಯಕಾರಕ.

ಕಾರ್ಕಳದ ಗದ್ದೆಯಲ್ಲಿ ದುಡಿಯುವ ಮಧುಮೇಹಿಯೊಬ್ಬರ ಕುರುವಿನಿಂದ ತೆಗೆದ ಕೀವನ್ನು ಪರೀಕ್ಷಿಸಲಾಗುತ್ತಿದೆ ಎಂದು ಭಾವಿಸೋಣ. ಚಿತ್ರದಲ್ಲಿ ಗುಲಾಬಿ ಬಣ್ಣದ ಜೋಡಿ ಚುಕ್ಕೆಗಳಿದ್ದು, ಮೊದಲ ನೋಟಕ್ಕೆ ಜೋಡಿ ಕಾಕೈಗಳಂತಿವೆ. ಈ ಬ್ಯಾಕ್ಟೀರಿಯಾದ ಎರಡು ತುದಿಗಳು ಗಾಢವಾಗಿ, ನಡುಭಾಗ ತಿಳಿಯಾಗಿ ಬಣ್ಣ ಹಿಡಿಯುವುದೇ ಇದಕ್ಕೆ ಕಾರಣ. ಇದನ್ನು ಸೇಫ್ಟಿ ಪಿನ್ ನೋಟ ಎನ್ನುತ್ತಾರೆ. ಜೋಡಿ ಕಾಕೈಗಳ ನಡುವೆ ಹೊರಅಂಚು ಒಳಸರಿದು ತಗ್ಗು ಕಾಣುತ್ತದೆ. ದಂಡಾಣುವಿನಲ್ಲಾದರೋ ಒಂದು ತುದಿಯಿಂದ ಇನ್ನೊಂದಕ್ಕೆ ಅಂಚು ಅಖಂಡವಾಗಿರುತ್ತದೆ. ನೇರವಾಗಿ ನಿಂತ ದಂಡವೂ ದುಂಡಗೆ ತೋರುವುದರಿಂದ, ಹಲವು ಕ್ಷೇತ್ರಗಳಲ್ಲಿ ಅತಿ ಉದ್ದನೆಯ ಕೋಶಗಳನ್ನು ಹುಡುಕಬೇಕು. ಅವು ಸ್ಪಷ್ಟವಾಗಿ ದಂಡಾಕಾರವಾಗಿದ್ದರೆ ಮಾದರಿಯನ್ನು ಗ್ರಾಂ-ಋಣಾತ್ಮಕ ಬ್ಯಾಸಿಲೈ ಎಂದು ವರದಿ ಮಾಡಲಾಗುತ್ತದೆ.

ಮಿತಿಗಳು

ಸೇಫ್ಟಿ ಪಿನ್ ನೋಟ ಈ ರೋಗಕ್ಕಷ್ಟೇ ಸೀಮಿತವಲ್ಲ. ಕ್ಲೆಬ್ಸಿಯೆಲ್ಲಾ ಮುಂತಾದ ಇತರ ದಂಡಾಣುಗಳಲ್ಲಿಯೂ ಕಾಣಬಹುದು. ಲೇಪದಲ್ಲಿ ಬ್ಯಾಕ್ಟೀರಿಯಾ ಕಾಣದಿದ್ದರೂ ರೋಗವಿಲ್ಲವೆಂದು ಹೇಳಲಾಗದು. ರೋಗನಿರ್ಣಯಕ್ಕೆ ಕೃಷಿ ಪರೀಕ್ಷೆ ಅಗತ್ಯ. ಅಲ್ಲಿ ಬೆಳೆದ ಜೀವಿಯನ್ನು ಸ್ಯೂಡೊಮೊನಾಸ್ ಎಂದು ತಪ್ಪಾಗಿ ಗುರುತಿಸುವ ಅಥವಾ ಪರಿಸರದಿಂದ ಸೇರಿದ ಕಲ್ಮಶವೆಂದು ಕಡೆಗಣಿಸುವ ಸಾಧ್ಯತೆಯಿದೆ. ಆದುದರಿಂದ ಶಂಕೆಯನ್ನು ಪ್ರಯೋಗಾಲಯಕ್ಕೆ ಮೊದಲೇ ತಿಳಿಸಲಾಗುತ್ತದೆ. ಚಿಕಿತ್ಸೆಯ ಆಯ್ಕೆಯೂ ಇದನ್ನು ಅವಲಂಬಿಸಿದೆ: ಈ ಜೀವಿಗೆ ಸಾಮಾನ್ಯವಾಗಿ ಜೆಂಟಾಮೈಸಿನ್ ನಾಟುವುದಿಲ್ಲ; ಸೆಫ್ಟಾಜಿಡಿಮ್ ಅಥವಾ ಮೆರೊಪೆನೆಮ್ ಚುಚ್ಚುಮದ್ದಿನ ಬಳಿಕ ತಿಂಗಳುಗಟ್ಟಲೆ ಮಾತ್ರೆಗಳನ್ನು ಸೇವಿಸಬೇಕಾಗುತ್ತದೆ.