ನೋಡುವವರಿದ್ದರೆ ಕಾಲು ನಿಲ್ಲದ ವಯಸ್ಸು

ಕುಮುದ್ವತಿ ಹುಟ್ಟುವ ಬಿಲ್ಲೇಶ್ವರ ಗುಡ್ಡ ಹುಂಚದ ಹತ್ತಿರವೇ ಇದೆ. ಮಳೆ ಹಿಡಿಯಿತೆಂದರೆ ಈ ಸೀಮೆಯ ಹಳ್ಳಕೊಳ್ಳಗಳೆಲ್ಲ ಕೆಂಪು ನೀರಿನಲ್ಲಿ ತುಂಬಿ ಹರಿಯುತ್ತವೆ. ಅಡಿಕೆ ಮರದ ಸಂಕ ಪಾಚಿಗಟ್ಟಿ ಜಾರುತ್ತಿರುತ್ತದೆ. ಹದಿನಾರರ ಹುಡುಗನೊಬ್ಬ ಒಂಟಿಯಾಗಿ ಬಂದರೆ ನೀರಿನ ಮಟ್ಟ ನೋಡುತ್ತಾನೆ, ಚಪ್ಪಲಿ ಕೈಗೆ ತೆಗೆದುಕೊಳ್ಳುತ್ತಾನೆ, ಪಕ್ಕದ ಹಿಡಿಗಳನ್ನು ಹಿಡಿದು ಒಂದೊಂದೇ ಹೆಜ್ಜೆ ಇಟ್ಟು ದಾಟುತ್ತಾನೆ. ಅದೇ ಹುಡುಗನ ಹಿಂದೆ ಕ್ಲಾಸಿನ ಮೂವರು ನಿಂತಿರಲಿ, ಹಿಡಿಗಳನ್ನು ಬಿಟ್ಟು ನಡೆದು ನಟ್ಟನಡುವೆ ನಿಂತು ತಿರುಗಿ ನೋಡುತ್ತಾನೆ. ಮನೆಯ ಹಿರಿಯರು ಇದಕ್ಕೆ ‘ಸಹವಾಸ ದೋಷ’ ಎಂದು ಷರಾ ಬರೆದು ಮುಗಿಸುತ್ತಾರೆ. ಜತೆಯವರು ಕುಮ್ಮಕ್ಕು ಕೊಟ್ಟಿರಬೇಕು, ಇವನು ಮರುಳಾಗಿರಬೇಕು ಎಂಬುದು ಲೆಕ್ಕ.

ಕುಮ್ಮಕ್ಕೇ ಇಲ್ಲದಿದ್ದರೂ ಹೀಗಾಗುತ್ತದೆಯೇ ಎಂದು ಪರೀಕ್ಷಿಸಿ ನೋಡಿದವರು ಅಮೆರಿಕದ ಫಿಲಡೆಲ್ಫಿಯಾದ ಟೆಂಪಲ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಲಾರೆನ್ಸ್ ಸ್ಟೈನ್‌ಬರ್ಗ್ ಮತ್ತು ಅವರ ಸಂಗಡಿಗರು. 2005ರಲ್ಲಿ ಅವರು ಮಾರ್ಗೋ ಗಾರ್ಡ್ನರ್ ಜತೆ ಪ್ರಕಟಿಸಿದ ಅಧ್ಯಯನದಲ್ಲಿ 306 ಜನರಿಗೆ ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ ಆಡಿಸಿದ್ದರು. ಕೆಲವರು ಒಬ್ಬರೇ ಆಡಿದರು, ಕೆಲವರು ಇಬ್ಬರು ಸಮವಯಸ್ಕರ ಎದುರು. 13ರಿಂದ 16ರ ವಯಸ್ಸಿನವರು ಜತೆಗಾರರಿದ್ದಾಗ ಸುಮಾರು ದುಪ್ಪಟ್ಟು ಅಪಾಯಕ್ಕೆ ಕೈಹಾಕಿದರು. 18ರಿಂದ 22ರವರಲ್ಲಿ ಏರಿಕೆ ಅದಕ್ಕಿಂತ ಕಡಿಮೆ, ಆದರೂ ಇತ್ತು. 24 ತುಂಬಿದವರಿಗೆ ಯಾರು ನೋಡಿದರೂ ಅಷ್ಟೆ, ನೋಡದಿದ್ದರೂ ಅಷ್ಟೆ.

ಏಕೆ ಎಂಬ ಪ್ರಶ್ನೆಗೆ ಕೈಹಾಕಿದ್ದು 2011ರಲ್ಲಿ ಜೇಸನ್ ಚೈನ್ ಮುಂದಾಳತ್ವದಲ್ಲಿ ನಡೆದ ಇನ್ನೊಂದು ಪ್ರಯೋಗ. ಈ ಸಲ ಆಟಗಾರ ಮಲಗಿದ್ದು ಎಂಆರ್‌ಐ ಯಂತ್ರದ ಒಳಗೆ. ಕಣ್ಣೆದುರಿನ ಪರದೆಯಲ್ಲಿ ರಸ್ತೆ, ದಾರಿಯುದ್ದಕ್ಕೂ 20 ಸಿಗ್ನಲ್ ವೃತ್ತಗಳು. ಬೇಗ ಗುರಿ ಮುಟ್ಟಿದಷ್ಟೂ ಹೆಚ್ಚು ಹಣ. ವೃತ್ತ ಹತ್ತಿರವಾದಾಗ ಹಳದಿ ದೀಪ ಹತ್ತುತ್ತದೆ. ಬ್ರೇಕ್ ಒತ್ತಿದರೆ ಸುಮಾರು 3 ಸೆಕೆಂಡು ಕಾಯಬೇಕು. ಒತ್ತದೆ ನುಗ್ಗಿದರೆ ಸಮಯ ಉಳಿಯಬಹುದು. ಅಡ್ಡ ಬಂದ ಗಾಡಿಗೆ ಗುದ್ದಿದರೆ 6 ಸೆಕೆಂಡು ದಂಡ. ಎಲ್ಲಿ ಗಾಡಿ ಅಡ್ಡ ಬರುತ್ತದೆ ಎಂಬುದು ಆಟಗಾರನಿಗೆ ಗೊತ್ತಿಲ್ಲ. ಒಂದು ಸುತ್ತು ಒಬ್ಬನೇ ಆಡಬೇಕು. ಇನ್ನೊಂದು ಸುತ್ತಿನಲ್ಲಿ ಅವನು ಕರೆತಂದ ಗೆಳೆಯರು ಪಕ್ಕದ ಕೋಣೆಯಲ್ಲಿ ಕೂತು ಮಾನಿಟರಿನಲ್ಲಿ ನೋಡುತ್ತಿರುತ್ತಾರೆ. ನೋಡುತ್ತಿದ್ದೇವೆ ಎಂದು ಮೈಕಿನಲ್ಲಿ ತಿಳಿಸಿರುತ್ತಾರೆ.

ಹದಿಹರೆಯದವರು ಗೆಳೆಯರಿದ್ದ ಸುತ್ತಿನಲ್ಲಿ ಹೆಚ್ಚು ಸಲ ನುಗ್ಗಿದರು, ಹೆಚ್ಚು ಸಲ ಗುದ್ದಿಕೊಂಡರು. ದೊಡ್ಡವರ ಆಟ ಬದಲಾಗಲಿಲ್ಲ. ಇಷ್ಟು ನಿರೀಕ್ಷಿತವೇ. ಹೊಸದಾಗಿ ಕಂಡದ್ದು ಮಿದುಳಿನ ಚಿತ್ರದಲ್ಲಿ. ಹಣೆಯ ಹಿಂದಿನ, ಯೋಚಿಸಿ ತಡೆಹಿಡಿಯುವ ಭಾಗಗಳು ದೊಡ್ಡವರಲ್ಲಿ ಹೆಚ್ಚು ಕೆಲಸ ಮಾಡುತ್ತಿದ್ದವು, ಚಿಕ್ಕವರಲ್ಲಿ ಕಡಿಮೆ. ಆದರೆ ಈ ವ್ಯತ್ಯಾಸ ಗೆಳೆಯರಿದ್ದಾಗಲೂ ಇಲ್ಲದಾಗಲೂ ಒಂದೇ ಥರ ಇತ್ತು. ಗೆಳೆಯರು ಬಂದ ಕೂಡಲೇ, ಅದೂ ಚಿಕ್ಕವರಲ್ಲಿ ಮಾತ್ರ, ಚುರುಕಾದದ್ದು ಬೇರೆಯೇ ಜಾಗ: ಮಿದುಳಿನ ಆಳದಲ್ಲಿರುವ ವೆಂಟ್ರಲ್ ಸ್ಟ್ರಯಾಟಮ್ ಮತ್ತು ಅದರೊಂದಿಗೆ ಕೂಡಿ ಕೆಲಸ ಮಾಡುವ, ಕಣ್ಣುಗುಳಿಯ ಮೇಲ್ಗಡೆಯ ಪದರ. ಏನಾದರೂ ಲಾಭ, ಮೆಚ್ಚುಗೆ, ರುಚಿ ಸಿಗಲಿದೆ ಎಂದಾಗ ಮಿಡಿಯುವ ಜಾಗಗಳಿವು. ಅಂದರೆ ಗೆಳೆಯರು ಬಂದದ್ದರಿಂದ ಬ್ರೇಕ್ ಸಡಿಲವಾಗಲಿಲ್ಲ, ಆಕ್ಸಿಲರೇಟರ್ ಒತ್ತಿತು.

ಸಂಕದ ಮೇಲಿನ ಹುಡುಗನಿಗೆ ನೀರು ಕಾಣುತ್ತಿಲ್ಲ ಎಂದುಕೊಳ್ಳುವುದು ತಪ್ಪು ಎಂಬುದಕ್ಕೆ 2014ರಲ್ಲಿ ಇನ್ನೂ ಗಟ್ಟಿ ಪುರಾವೆ ಸಿಕ್ಕಿತು. ಅದೇ ಗುಂಪಿನ ಆಶ್ಲಿ ಸ್ಮಿತ್ ಮತ್ತಿತರರು 15ರಿಂದ 17ರ ಹುಡುಗ ಹುಡುಗಿಯರಿಗೆ ಜೂಜಿನಾಟವೊಂದನ್ನು ಕೊಟ್ಟರು. ಗೆಲ್ಲುವ ಸಂಭವ ಎಷ್ಟು, ಸೋಲುವ ಸಂಭವ ಎಷ್ಟು ಎಂಬುದನ್ನು ಮೊದಲೇ ಬಿಚ್ಚಿ ತೋರಿಸಿದ್ದರು. ಗುರುತೇ ಇಲ್ಲದ ಸಮವಯಸ್ಕನೊಬ್ಬ ಬೇರೆ ಕೋಣೆಯಿಂದ ನೋಡುತ್ತಿದ್ದಾನೆ ಎಂದು ನಂಬಿಸಿದಾಗ ಮಕ್ಕಳು ಹೆಚ್ಚು ಪಣ ಒಡ್ಡಿದರು, ವಿಶೇಷವಾಗಿ ಸೋಲುವ ಸಂಭವ ಹೆಚ್ಚಿದ್ದ ಕಡೆ. ಅಪಾಯದ ಅಂದಾಜು ಸರಿಯಾಗಿಯೇ ಇತ್ತು. ‘ಅಪಾಯ, ಈಜಬೇಡಿ’ ಎಂಬ ಹಳದಿ ಬೋರ್ಡಿನ ಪಕ್ಕದಲ್ಲೇ ನಿಂತು ಸೆಲ್ಫಿ ತೆಗೆಯುವ ಹುಡುಗರಿಗೆ ಓದು ಬರುವುದಿಲ್ಲ ಎಂದು ನಾವು ಬೈಯುವುದರಲ್ಲಿ ಅರ್ಥವಿಲ್ಲ.

ಇದು ಮನುಷ್ಯರ ಮರ್ಯಾದೆ, ಜಂಬಗಳ ಸಮಾಚಾರವಲ್ಲವೇ ಎಂದು ಕೇಳುವವರಿಗೆ ಇಲಿಗಳ ಪ್ರಯೋಗ ಉತ್ತರ ಹೇಳುತ್ತದೆ. ಅದೇ ವಿಶ್ವವಿದ್ಯಾಲಯದಲ್ಲಿ ಎಳೆ ಪ್ರಾಯದ ಇಲಿಗಳಿಗೂ ಬೆಳೆದ ಇಲಿಗಳಿಗೂ ಮದ್ಯ ಬೆರೆಸಿದ ನೀರು ಇಟ್ಟು ನೋಡಿದರು. ಒಂದೇ ಗೂಡಿನಲ್ಲಿ ಬೆಳೆದ ಇಲಿಗಳ ಜತೆಯಲ್ಲಿದ್ದ ಎಳೆಯವು ಒಂಟಿಯಾಗಿದ್ದ ಎಳೆಯವುಗಳಿಗಿಂತ ಹೆಚ್ಚು ಕುಡಿದವು. ಬೆಳೆದವುಗಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ‘ಧೈರ್ಯ ಇದ್ದರೆ ಕುಡಿಯೋ ಮಾರಾಯ’ ಎಂದು ಇಲಿ ಇಲಿಗೆ ಹೇಳುವುದಿಲ್ಲ. ಪ್ರಾಯಕ್ಕೆ ಬರುತ್ತಿರುವ ಸಸ್ತನಿ ತನ್ನ ಓರಗೆಯವರೊಡನೆ ಬೆರೆಯಬೇಕು, ಗೂಡು ಬಿಟ್ಟು ಹೊರಡಬೇಕು. ಆ ಹೊತ್ತಿಗೆ ಜತೆಗಾರರ ಸನ್ನಿಧಿಯೇ ಮಿದುಳಿಗೆ ಸಿಹಿಯಾಗಿ, ಎದುರಿಗೆ ಬಂದ ಬೇರೆ ಆಕರ್ಷಣೆಗಳನ್ನೂ ಹಿಗ್ಗಿಸಿ ತೋರಿಸುತ್ತದೆ ಎಂಬುದು ಸಂಶೋಧಕರ ವಿವರಣೆ.

ಎಂಆರ್‌ಐ ಪ್ರಯೋಗದಲ್ಲಿದ್ದವರು ಬರೀ 40 ಜನ ಎಂಬುದನ್ನೂ ಹೇಳಬೇಕು. ಸಿಕ್ಕಿರುವುದು ಸರಾಸರಿ; ಗೆಳೆಯರಿದ್ದಾಗಲೂ ಎಚ್ಚರ ತಪ್ಪದ ಮಕ್ಕಳು ಬೇಕಾದಷ್ಟಿದ್ದಾರೆ. ಫಿಲಡೆಲ್ಫಿಯಾದ ಪರದೆಯ ಮೇಲೆ ಕಂಡದ್ದು ಹೊಸನಗರದ ಘಾಟಿಯಲ್ಲಿ ಅಷ್ಟೇ ಪ್ರಮಾಣದಲ್ಲಿ ಕಾಣಬೇಕೆಂದೂ ಇಲ್ಲ. ಆದರೆ ನೋಡುವ ಕಣ್ಣುಗಳು ಇಲ್ಲಿ ಕಡಿಮೆಯಾಗಿಲ್ಲ, ಜೇಬಿಗೇ ಬಂದಿವೆ. 2023ರ ಜುಲೈನಲ್ಲಿ ಕೊಲ್ಲೂರು ಬಳಿಯ ಅರಿಶಿನಗುಂಡಿ ಜಲಪಾತದ ಅಂಚಿನ ಬಂಡೆಯ ಮೇಲೆ ನಿಂತಿದ್ದ ಭದ್ರಾವತಿಯ 23ರ ಯುವಕ ಕಾಲು ಜಾರಿ ಕೊಚ್ಚಿಹೋದ ಕ್ಷಣ ಗೆಳೆಯನ ಮೊಬೈಲಿನಲ್ಲಿ ದಾಖಲಾಗಿ ನಾಡೆಲ್ಲ ನೋಡಿತು. ಒಂದೇ ಘಟನೆಯಿಂದ ಮಿದುಳಿನ ಬಗ್ಗೆ ಏನನ್ನೂ ಸಾಧಿಸಲಾಗದು. ಆದರೂ ಕ್ಯಾಮೆರಾ ಎದುರಿಗಿರುವಾಗ ಯಾರೂ ಒಂಟಿಯಲ್ಲ.

ಸ್ಟೈನ್‌ಬರ್ಗ್ ಗುಂಪಿಗೆ ಕೆಲಸಕ್ಕೆ ಬರುವ ಫಲಿತಾಂಶ ಸಿಕ್ಕಿದ್ದು 2016ರಲ್ಲಿ. 18ರಿಂದ 22ರ ಹುಡುಗರ ಗುಂಪಿನಲ್ಲಿ 25ರಿಂದ 30ರೊಳಗಿನ ಒಬ್ಬನನ್ನು ಸೇರಿಸಿದಾಗ, ಗುಂಪಿನ ಕಾರಣಕ್ಕೆ ಏರಿದ್ದ ಅಪಾಯದ ಚಪಲ ಇಳಿದು ಒಬ್ಬನೇ ಇದ್ದಾಗಿನ ಮಟ್ಟಕ್ಕೆ ಬಂತು. ಅಪ್ಪ, ಮೇಷ್ಟ್ರು ಯಾರೂ ಬೇಕಾಗಲಿಲ್ಲ, ಸ್ವಲ್ಪ ದೊಡ್ಡವನೊಬ್ಬ ಸಾಕಾಯಿತು. ಕ್ಯಾಲಿಫೋರ್ನಿಯಾದ ಕಾನೂನು ಇಂಥದ್ದೇ ಲೆಕ್ಕದ್ದು: 18 ತುಂಬದ ಹೊಸ ಚಾಲಕ, ಲೈಸೆನ್ಸ್ ಸಿಕ್ಕ ಮೊದಲ 12 ತಿಂಗಳು 20 ವರ್ಷದೊಳಗಿನವರನ್ನು ಕೂರಿಸಿಕೊಂಡು ಓಡಿಸುವಂತಿಲ್ಲ, 25 ತುಂಬಿದ ಲೈಸೆನ್ಸುದಾರ ಪಕ್ಕದಲ್ಲಿದ್ದರೆ ಸರಿ.

ನಮ್ಮ ಮೋಟಾರು ವಾಹನ ಕಾಯ್ದೆ ಅಪ್ರಾಪ್ತರ ಕೈಗೆ ಬೈಕ್ ಕೊಟ್ಟ ಪೋಷಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು ಎನ್ನುತ್ತದೆ. 18 ತುಂಬಿ ಲೈಸೆನ್ಸ್ ಬಂದ ಮೇಲೆ ಹಿಂದೆ ಯಾರು ಕೂರಬೇಕೆಂಬುದನ್ನು ಅದು ಕೇಳುವುದಿಲ್ಲ. ಅದನ್ನು ಮನೆಯಲ್ಲೇ ಕೇಳಬೇಕು: ಮೊದಲ ವರ್ಷ ಬೈಕಿನ ಹಿಂದಿನ ಸೀಟಿಗೆ ಗೆಳೆಯ ಬೇಡ, ಜಲಪಾತಕ್ಕೆ ಹೊರಟ ಗುಂಪಿನಲ್ಲಿ ಚಿಕ್ಕಪ್ಪನ ಮಗ ದೊಡ್ಡಣ್ಣನೊಬ್ಬ ಇರಲಿ.