ಬಾದಾಮಿಯಲ್ಲಿ ಒಂದು ಮೆಟ್ಟಿಲು, ಒಂದು ಸಂಜೆ

ಬಾದಾಮಿ, ಪಟ್ಟದಕಲ್ಲು, ಐಹೊಳೆ ಮೂರನ್ನೂ ಒಂದೇ ದಿನ ನೋಡಿ ಮುಗಿಸುವುದು ವಾಡಿಕೆ. ಚಿತ್ರ ಬಿಡಿಸುವವರಿಗೆ ಈ ಲೆಕ್ಕ ಆಗಿಬರುವುದಿಲ್ಲ. ಅವರು ಬಾದಾಮಿಯಲ್ಲೇ ಎರಡು ಮೂರು ರಾತ್ರಿ ತಂಗಿ, ಅಗಸ್ತ್ಯ ತೀರ್ಥದ ದಡದಲ್ಲಿ ನೆಮ್ಮದಿಯಾಗಿ ಕೂರುವ ಜಾಗವೊಂದನ್ನು ಹುಡುಕಿಕೊಳ್ಳಬೇಕು.

ಕೆರೆಯ ಪೂರ್ವದಲ್ಲಿರುವ ಭೂತನಾಥ ಗುಡಿ ಪಶ್ಚಿಮಕ್ಕೆ ಮುಖ ಮಾಡಿದೆ. ಹಾಗಾಗಿ ಅದರ ಮೇಲೆ ಬಿಸಿಲು ಚೆನ್ನಾಗಿ ಬೀಳುವುದು ಸಂಜೆಗೆ. ಊರ ಕಡೆಯ ಮೆಟ್ಟಿಲ ಮೇಲೆ ಕೂತರೆ ಸೂರ್ಯ ನೇರ ಬೆನ್ನಿಗಿರುತ್ತಾನೆ. ಗುಡಿ ಪೂರ್ತಿ ಬೆಳಗಿದರೂ ನೆರಳಿಲ್ಲದೆ ಚಪ್ಪಟೆಯಾಗಿ ಕಾಣುತ್ತದೆ. ವಸ್ತುಸಂಗ್ರಹಾಲಯವಿರುವ ಉತ್ತರ ದಂಡೆಗೆ ಸರಿದರೆ ಬೆಳಕು ಬಲಗಡೆಯಿಂದ ಬರುತ್ತದೆ. ಆಗ ಕಂಬದ ಒಂದು ಮಗ್ಗುಲು ಹೊಳೆದು, ಇನ್ನೊಂದು ಮಗ್ಗುಲು ಕಪ್ಪಾಗಿ, ಕಲ್ಲಿಗೆ ಗಾತ್ರ ಬರುತ್ತದೆ.

ಚಳಿಗಾಲದಲ್ಲಿ ನಾಲ್ಕೂವರೆಯ ಹೊತ್ತಿಗೆ ಹೋಗಿ ಕೂತರೆ ಒಂದು ಚಿತ್ರಕ್ಕೆ ಸಮಯ ಸಾಕು. ಮೊದಲು ನೀರಿನ ಅಂಚಿನ ಗೆರೆ, ಗುಡಿಯ ಹೊರರೂಪ. ಕೂಡಲೇ ನೆರಳುಗಳ ಅಂಚನ್ನು ಪೆನ್ಸಿಲಿನಲ್ಲಿ ತೆಳುವಾಗಿ ಗುರುತಿಸಿ, ಪಕ್ಕದಲ್ಲಿ ಗಂಟೆ ಬರೆದುಬಿಡಬೇಕು. ಇಪ್ಪತ್ತು ನಿಮಿಷದಲ್ಲಿ ನೆರಳು ಸರಿದಿರುತ್ತದೆ. ಅದರ ಬೆನ್ನು ಹತ್ತಬಾರದು. ಬೆನ್ನು ಹತ್ತಿದ್ದು ಚಿತ್ರದಲ್ಲಿ ಗೊತ್ತಾಗಿಬಿಡುತ್ತದೆ: ಮೊದಲು ಬಿಡಿಸಿದ ಕಂಬದ ನೆರಳು ಒಂದು ಕಡೆ ವಾಲಿದ್ದರೆ, ಕೊನೆಯ ಕಂಬದ್ದು ಇನ್ನೊಂದು ಕಡೆ ವಾಲಿರುತ್ತದೆ.

ಬಣ್ಣ ಕೊನೆಗೆ. ಕೆಂಪು ಮರಳುಗಲ್ಲಿಗೆ ಬರ್ನ್ಟ್ ಸಿಯೆನಾ ಸಾಕು. ನೆರಳಿಗೆ ಅದಕ್ಕೇ ಒಂದಿಷ್ಟು ನೀಲಿ ಬೆರೆಸಿದರಾಯಿತು. ನೀರಿನಲ್ಲಿ ಪ್ರತಿಬಿಂಬವನ್ನು ಗುಡಿಯ ನೇರ ಕೆಳಗೇ ಇಳಿಸಬೇಕು, ಬೆಳಗಿದ ಭಾಗಗಳನ್ನು ಅಲ್ಲಿ ತುಸು ಮಬ್ಬಾಗಿಸಬೇಕು. ಪುಸ್ತಕದ ಹಾಳೆ ಮಾತ್ರ ನೆರಳಿನಲ್ಲೇ ಇರಲಿ. ಬಿಸಿಲು ಬಿದ್ದ ಬಿಳಿ ಹಾಳೆ ಕಣ್ಣು ಕುಕ್ಕುತ್ತದೆ. ಕೈ ತಾನಾಗಿ ಬಣ್ಣವನ್ನು ಗಾಢವಾಗಿ ಬಳಿಯುತ್ತದೆ, ಕೋಣೆಗೆ ಬಂದು ನೋಡಿದರೆ ಚಿತ್ರ ಮಂಕಾಗಿರುತ್ತದೆ. ಮಂಗಗಳ ಕಾಟವೂ ಉಂಟು. ಗೋಡೆಗೆ ಬೆನ್ನು ಕೊಟ್ಟು ಕೂತು, ತಿಂಡಿಯನ್ನು ಚೀಲದಿಂದ ತೆಗೆಯದಿರುವುದು ಒಳ್ಳೆಯದು.

ಬಣ್ಣ ಒಣಗುವ ಹೊತ್ತು ಬರವಣಿಗೆಗೆ. ಗುಡಿಯ ಇತಿಹಾಸ ಪುಸ್ತಕಗಳಲ್ಲಿ ಸಿಗುತ್ತದೆ. ಡೈರಿಗೆ ಬೇಕಾದ್ದು ಚಿತ್ರದಲ್ಲಿ ಹಿಡಿಯಲಾಗದ್ದು. ಬಂಡೆಗೆ ಬಡಿದು ಮರಳುವ ಬಟ್ಟೆ ಒಗೆಯುವ ಸದ್ದು, ಕೂತ ಕಲ್ಲಿನಲ್ಲಿ ಉಳಿದ ಕಾವು, ಹಿಂದೆ ನಿಂತು ನೋಡಿದ ಹುಡುಗ ಕೇಳಿದ ಪ್ರಶ್ನೆ. ನಾಲ್ಕು ಸಾಲು ಸಾಕು, ಆದರೆ ಅಲ್ಲೇ ಬರೆಯಬೇಕು.

ಮರುದಿನ ಬೆಳಿಗ್ಗೆ ಅದೇ ಜಾಗಕ್ಕೆ ಹೋದರೆ ಸೂರ್ಯ ಗುಡಿಯ ಹಿಂದಿನಿಂದ ಏರುತ್ತಾನೆ. ಕಂಬಗಳ ವಿವರ ಕಾಣದು, ಶಿಖರದ ಹೊರಗೆರೆ ಮಾತ್ರ ಸ್ಪಷ್ಟವಾಗಿರುತ್ತದೆ. ಅದನ್ನು ಹಿಂದಿನ ಸಂಜೆಯ ಎದುರು ಪುಟದಲ್ಲೇ ಒಂದೇ ಗಾಢ ಬಣ್ಣದಲ್ಲಿ ಬಿಡಿಸಿ. ಒಂದೇ ಗುಡಿಗೆ ಬೆಳಕು ಏನೇನು ಮಾಡುತ್ತದೆಂದು ಕಲಿಯಲು, 22 ಕಿಲೋಮೀಟರ್ ದೂರದ ಪಟ್ಟದಕಲ್ಲಿಗೆ ಓಡುವುದಕ್ಕಿಂತ ಈ ಎರಡು ಪುಟಗಳೇ ಹೆಚ್ಚು ನೆರವಾಗುತ್ತವೆ.